ಸಂಜೆ ಆರು ಗಂಟೆಯ ಸಮಾಚಾರ



ಕೋಲಾರ ಜಿಲ್ಲೆಯಲ್ಲಿ ಮಗನೋ ಮಗಳೋ ಹೊರದೇಶದಲ್ಲಿರುವ ಮನೆಗಳು ಈಗ ಅಪರೂಪವಲ್ಲ. ಶ್ರೀನಿವಾಸಪುರದ ಮಾವಿನ ತೋಟದ ಮನೆಯಲ್ಲಿ, ಮುಳಬಾಗಿಲಿನ ಪೇಟೆ ಬೀದಿಯಲ್ಲಿ, ಮಾಲೂರಿನ ಹೊಸ ಬಡಾವಣೆಯಲ್ಲಿ, "ನಮ್ಮ ಹುಡುಗಿ ಅಮೇರಿಕಾದಲ್ಲಿದ್ದಾಳೆ" ಎಂದು ಹೇಳುವ ತಾಯಂದಿರು ಸಿಗುತ್ತಾರೆ. ಹೇಳುವಾಗ ದನಿಯಲ್ಲಿ ಹೆಮ್ಮೆ ಇರುತ್ತದೆ. ಸ್ವಲ್ಪ ಹೊತ್ತು ಅವರ ಜೊತೆ ಕೂತರೆ ಇನ್ನೊಂದು ಮಾತೂ ಹೊರಗೆ ಬರುತ್ತದೆ: ಒಬ್ಬಳೇ ಇರುವುದು ಕಷ್ಟವಾಗಿದೆ, ಆದರೆ ಅವಳಿಗೆ ಹೇಳಲಾರೆ. ಹೇಳಿದರೆ ಮಗಳು ಅಲ್ಲಿ ಕೂತು ಕೊರಗುತ್ತಾಳೆ. ಹೇಳದಿದ್ದರೆ, ಫೋನಿನಲ್ಲಿ ಅಮ್ಮನ ದನಿ ಕೇಳಿದ ಮಗಳಿಗೆ ಏನೋ ಸರಿಯಿಲ್ಲ ಎಂದು ಗೊತ್ತಾಗುತ್ತದೆ, ಏನೆಂದು ಗೊತ್ತಾಗುವುದಿಲ್ಲ. ಆಗಲೂ ಕೊರಗುತ್ತಾಳೆ.

ಹಾಗಿದ್ದರೆ ಈ ಒಂಟಿತನವನ್ನು ಮಗಳ ತಲೆಯ ಮೇಲೆ ತಪ್ಪು ಹೊರಿಸದೆ ಹೇಳುವುದು ಹೇಗೆ? ಇವತ್ತು ಅಂಥ ಒಂದು ಕಾಗದದ ವಿಷಯ ಹೇಳುತ್ತೇನೆ. ಬರೆದವರು ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿಯವರು, ನನಗೆ ವರಸೆಯಲ್ಲಿ ದೊಡ್ಡಮ್ಮ. ಎಪ್ಪತ್ತು ದಾಟಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ತೋಟದ ಮನೆಯಲ್ಲಿ ಒಬ್ಬರೇ ಇದ್ದಾರೆ. ಒಬ್ಬಳೇ ಮಗಳು ನ್ಯೂಜೆರ್ಸಿಯಲ್ಲಿ. ಹೆಸರು ಹೇಳಬಾರದು ಎಂಬ ಕರಾರಿನ ಮೇಲೆ ಕಾಗದವನ್ನು ಓದಲು ಇಬ್ಬರೂ ಒಪ್ಪಿದ್ದಾರೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವಳು. ದೊಡ್ಡಮ್ಮ ತಮ್ಮ ಮೊದಲ ಕರಡನ್ನು ನನ್ನ ಕೈಗೆ ಕೊಟ್ಟು, "ಒತ್ತಕ್ಷರ ತಪ್ಪಿದ್ದರೆ ತಿದ್ದಿಕೊಡಮ್ಮ" ಎಂದರು. ಒತ್ತಕ್ಷರ ಸರಿಯಾಗಿಯೇ ಇದ್ದವು. ಕರಡಿನ ಮಧ್ಯದಲ್ಲಿ ಹೀಗೆ ಬರೆದಿದ್ದರು: "ಹಸು ಮಾರಿಬಿಡು ಅಂತ ನೀನು ಹೇಳಿದೆ, ಮಾರಿದೆ. ಈಗ ಸಂಜೆಯಾದರೆ ಗೋಡೆ ನೋಡಿಕೊಂಡು ಕೂತಿರುತ್ತೇನೆ. ಎರಡು ಬಾದಾಮಿ ಮರ ಮನೆಗೆ ಅಂತ ಉಳಿಸಿಕೊಂಡಿದ್ದೇನೆ, ನೀನಿಲ್ಲದೆ ಯಾರು ತಿನ್ನಬೇಕು? ನೀನೇನೂ ಯೋಚನೆ ಮಾಡಬೇಡ. ನೀನು ಚೆನ್ನಾಗಿದ್ದರೆ ನನಗೆ ಅಷ್ಟೇ ಸಾಕು."

ಒಂದೊಂದಾಗಿ ತೆಗೆದುಕೊಂಡರೆ ಈ ವಾಕ್ಯಗಳಲ್ಲಿ ಸುಳ್ಳು ಒಂದೂ ಇಲ್ಲ. ಮಗಳು ಹಸು ಮಾರು ಎಂದಿದ್ದು ನಿಜ. ಸಂಜೆ ಗೋಡೆ ನೋಡುತ್ತಾ ಕೂರುವುದೂ ನಿಜ. ಆದರೆ "ನೀನು ಹೇಳಿದೆ, ಮಾರಿದೆ, ಈಗ ಹೀಗಾಗಿದೆ" ಎಂದು ಒಂದರ ಹಿಂದೆ ಒಂದು ಬಂದಾಗ ಅದು ದೂರು ಅರ್ಜಿಯಾಗುತ್ತದೆ. ಬರೆದವರಿಗೆ ದೂರುವ ಮನಸ್ಸಿರಲಿಲ್ಲ, ಆದರೂ ಓದುವವಳಿಗೆ ಬೇರೆ ಅರ್ಥ ಹೊಳೆಯಲಾರದು. ಅದರ ಮೇಲೆ "ಯೋಚನೆ ಮಾಡಬೇಡ" ಎಂದರೆ ಅವಳಿಗೆ ಉತ್ತರ ಹೇಳುವ ದಾರಿಯೂ ಮುಚ್ಚಿತು. ಯೋಚನೆ ಮಾಡಿದರೆ ಅಮ್ಮನ ಮಾತು ಮೀರಿದಂತೆ, ಮಾಡದಿದ್ದರೆ ಕಲ್ಲುಮನಸ್ಸಿನವಳಂತೆ. ನಮ್ಮ ಮನೆಗಳ ತಾಯಂದಿರ ಬಾಯಲ್ಲಿ ಈ ಮಾತು ಎಷ್ಟು ಸಲೀಸಾಗಿ ಬರುತ್ತದೆಂದರೆ, ಅದು ಎಷ್ಟು ಭಾರ ಎಂದು ಹೇಳುವವರಿಗೆ ತಿಳಿಯುವುದೇ ಇಲ್ಲ.

ನಾನು ಪೆನ್ನು ಕೆಳಗಿಟ್ಟು ಒಂದೇ ಪ್ರಶ್ನೆ ಕೇಳಿದೆ. "ದೊಡ್ಡಮ್ಮ, ಈ ಬೇಸರ ಶುರುವಾಗಿದ್ದು ಯಾವಾಗಿಂದ?"

ಅವರು ತುಂಬ ಹೊತ್ತು ಯೋಚನೆ ಮಾಡಿದರು. ಮಗಳು ಹೋಗಿ ಎಷ್ಟೋ ವರ್ಷಗಳಾಗಿವೆ. ಹೋದ ಹೊಸದರಲ್ಲಿ ಸಂಕಟವಾಯಿತು, ಆದರೆ ಆಗ ದೊಡ್ಡಪ್ಪ ಇದ್ದರು, ಮನೆಯಲ್ಲಿ ಎರಡು ಸೀಮೆಹಸು ಇದ್ದವು, ದಿನ ಹೇಗೆ ಕಳೆಯಿತೆಂದೇ ತಿಳಿಯುತ್ತಿರಲಿಲ್ಲ. ದೊಡ್ಡಪ್ಪ ಹೋದ ಮೇಲೆ ಮನೆ ಬಣಗುಟ್ಟಿತು. ಆದರೂ ಸಂಜೆಗಳು ಈಗಿನಷ್ಟು ಕೆಟ್ಟಿರಲಿಲ್ಲ. "ಹಸು ಕೊಟ್ಟ ಮೇಲೆ," ಎಂದರು ಕೊನೆಗೆ. ಅವರಿಗೇ ಆಶ್ಚರ್ಯವಾದ ಹಾಗಿತ್ತು.

ಹಸುವಿಗೂ ಒಂಟಿತನಕ್ಕೂ ಏನು ಸಂಬಂಧ ಎಂದು ಪಟ್ಟಣದ ಕೇಳುಗರು ಕೇಳಬಹುದು. ನಮ್ಮ ಜಿಲ್ಲೆಯ ಹಳ್ಳಿಯಲ್ಲಿ ಕರೆಯುವ ಹಸು ಇರುವ ಹೆಂಗಸು ದಿನಕ್ಕೆ ಎರಡು ಸಲ ಹಾಲಿನ ಡೈರಿಗೆ ಹೋಗುತ್ತಾಳೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕ್ಯಾನು ಹಿಡಿದು ಸಾಲಿನಲ್ಲಿ ನಿಲ್ಲಬೇಕು. ಕಾರ್ಯದರ್ಶಿ ಹಾಲಿನ ಡಿಗ್ರಿ ನೋಡುತ್ತಾನೆ, ಫ್ಯಾಟು ನೋಡುತ್ತಾನೆ, ಅಳತೆ ಬರೆದುಕೊಳ್ಳುತ್ತಾನೆ. ಆ ಸಾಲಿನಲ್ಲಿ ಯಾರ ಮನೆಗೆ ಹೆಣ್ಣು ನೋಡಲು ಬಂದಿದ್ದರು, ಯಾರ ಬೋರ್‌ವೆಲ್ ಬತ್ತಿತು, ಕೋಲಾರದ ಮಾರುಕಟ್ಟೆಯಲ್ಲಿ ಟೊಮೇಟೊ ಬಾಕ್ಸು ಎಷ್ಟಕ್ಕೆ ಹೋಯಿತು ಎಂಬುದೆಲ್ಲ ತಿಳಿಯುತ್ತದೆ. "ಇವತ್ತು ಯಾಕೆ ಹಾಲು ಕಮ್ಮಿ?" ಎಂದು ಯಾರಾದರೂ ಕೇಳುತ್ತಾರೆ. ಒಂದು ಹೊತ್ತು ಬರದಿದ್ದರೆ "ಅಜ್ಜಿ ಯಾಕೆ ಬರಲಿಲ್ಲ?" ಎಂದು ಮನೆಗೇ ಬಂದು ವಿಚಾರಿಸುತ್ತಾರೆ. ಬಟವಾಡೆಯ ದಿನ ಕೈಗೆ ದುಡ್ಡು ಬರುತ್ತದೆ, ಅದು ತನ್ನ ದುಡ್ಡು. ಇವೆಲ್ಲದರ ಜೊತೆಗೆ ಮನೆಯ ಹಿತ್ತಲಿನಲ್ಲಿ ಒಂದು ಜೀವ ಹೊತ್ತಿಗೆ ಸರಿಯಾಗಿ ಕೂಗಿ ಕರೆಯುತ್ತದೆ. ಮಂಡಿ ನೋವು ಹೆಚ್ಚಾಗಿ ದೊಡ್ಡಮ್ಮನಿಗೆ ಕೂತು ಹಾಲು ಕರೆಯಲು ಆಗದೆ ಹೋದಾಗ ಹಸು ಕೊಟ್ಟದ್ದು ಸರಿಯಾದ ತೀರ್ಮಾನವೇ. ಆದರೆ ಹಸುವಿನ ಜೊತೆಗೆ ಸಾಲೂ ಹೋಯಿತು, ವಿಚಾರಿಸುವವರೂ ಹೋದರು, ಸಂಜೆ ಐದೂವರೆಗೆ ಎದ್ದು ನಿಲ್ಲಲು ಇದ್ದ ಕಾರಣವೂ ಹೋಯಿತು.

ರಾಬರ್ಟ್ ವೈಸ್ ಎಂಬ ಅಮೇರಿಕದ ಸಮಾಜಶಾಸ್ತ್ರಜ್ಞರು 1973ರಲ್ಲಿ ಒಂಟಿತನದ ಬಗ್ಗೆ ಒಂದು ಪುಸ್ತಕ ತಂದರು. ಒಂಟಿತನ ಒಂದೇ ಬಗೆಯದಲ್ಲ ಎಂಬುದು ಅದರಲ್ಲಿರುವ ಮುಖ್ಯ ವಿಚಾರ. ಆತ್ಮೀಯರಾದ ಒಬ್ಬಿಬ್ಬರು ಇಲ್ಲದಾಗ ಹುಟ್ಟುವುದು ಒಂದು. ಗಂಡ, ಮಗಳು, ಜೀವದ ಗೆಳತಿ ಇಲ್ಲವಾದಾಗ ಆಗುವ ಸಂಕಟ ಅದು. ಸುತ್ತ ತನ್ನವರೆನ್ನುವ ಒಂದು ಗುಂಪು, ಒಂದು ಬಳಗ ಇಲ್ಲದಾಗ ಹುಟ್ಟುವುದು ಇನ್ನೊಂದು. ಇವೆರಡರಲ್ಲಿ ಒಂದಕ್ಕೆ ಕೊಡುವ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ. ಊರು ತುಂಬ ಜನರಿದ್ದರೂ ಮಗಳ ನೆನಪಿನ ಸಂಕಟ ಹೋಗುವುದಿಲ್ಲ. ಹಾಗೆಯೇ ಮಗಳು ದಿನಕ್ಕೆ ಎರಡು ಸಲ ಫೋನ್ ಮಾಡಿದರೂ ಡೈರಿ ಸಾಲಿನ ಜಾಗ ತುಂಬುವುದಿಲ್ಲ.

ನಮ್ಮ ಮುಳಬಾಗಿಲಿನಲ್ಲಿ 1887ರಲ್ಲಿ ಹುಟ್ಟಿದ ಡಿ.ವಿ.ಜಿ.ಯವರನ್ನು ಇಲ್ಲಿ ನೆನೆಯಬಹುದು. ಅವರು ಇನ್ನೂ ನಡುವಯಸ್ಸು ತಲುಪುವ ಮುಂಚೆಯೇ ಹೆಂಡತಿಯನ್ನು ಕಳೆದುಕೊಂಡರು, ಮತ್ತೆ ಮದುವೆಯಾಗಲಿಲ್ಲ. 1975ರವರೆಗೆ ಬದುಕಿದ್ದರು. ಅಷ್ಟು ದೀರ್ಘ ಕಾಲ ಅವರ ಸುತ್ತ ಜನ ತುಂಬಿರುತ್ತಿದ್ದರು. 1945ರಲ್ಲಿ ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಅಲ್ಲಿ ಯುವಕರನ್ನು ಕೂರಿಸಿಕೊಂಡು ಓದಿದರು, ಓದಿಸಿದರು. ಆ ಬಳಗವಿತ್ತೆಂದು ಹೆಂಡತಿ ಇಲ್ಲದ ಕೊರತೆ ತೀರಿತೆಂದು ಯಾರೂ ಹೇಳಲಾರರು. ಕೊರತೆ ಇತ್ತೆಂದು ಬಳಗ ವ್ಯರ್ಥವಾಯಿತೆಂದೂ ಹೇಳಲಾರರು. ಎರಡೂ ತಮ್ಮ ತಮ್ಮ ಜಾಗದಲ್ಲಿದ್ದವು.

ದೊಡ್ಡಮ್ಮನಿಗೆ ನಾನು ವೈಸ್ ಹೆಸರು ಹೇಳಲಿಲ್ಲ, ವಿಷಯ ಹೇಳಿದೆ. ಅವರು ಕೂಡಲೇ ಹಿಡಿದುಕೊಂಡರು. "ಹಾಗಾದರೆ ಮಗಳಿಂದ ಆಗಿದ್ದು ಎಷ್ಟು, ಹಸು ಹೋಗಿದ್ದರಿಂದ ಆಗಿದ್ದು ಎಷ್ಟು ಅಂತ ಬೇರೆ ಮಾಡಿ ಬರೀಬೇಕು ಅನ್ನು," ಎಂದರು. ಇಡೀ ಕಾಗದದ ಕೆಲಸ ಅಷ್ಟೇ ಆಗಿತ್ತು. ಒಂಟಿತನ ಎಂಬ ಒಂದೇ ಗಂಟನ್ನು ಬಿಚ್ಚದೆ ಮಗಳ ಮುಂದಿಟ್ಟರೆ ಎಲ್ಲವೂ ತನ್ನಿಂದಲೇ ಆಯಿತೆಂದು ಅವಳು ತಿಳಿಯುತ್ತಾಳೆ. ಬಿಚ್ಚಿಟ್ಟರೆ ಅವಳ ಪಾಲು ಎಷ್ಟು ಎಂದು ಕಾಣುತ್ತದೆ, ಆ ಪಾಲೂ ತಪ್ಪಲ್ಲ ಎಂದೂ ಕಾಣುತ್ತದೆ.

ಇನ್ನೊಂದು ವಿಷಯ ಗಡಿಯಾರ ನೋಡಿದ ಮೇಲೆ ಗೊತ್ತಾಯಿತು. ಬೇಸಿಗೆಯಲ್ಲಿ ನ್ಯೂಜೆರ್ಸಿ ನಮಗಿಂತ ಒಂಬತ್ತೂವರೆ ಗಂಟೆ ಹಿಂದೆ. ಅಲ್ಲಿಯವರು ಮಾರ್ಚಿನ ಎರಡನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದಕ್ಕೆ, ನವೆಂಬರಿನ ಮೊದಲ ಭಾನುವಾರ ಹಿಂದಕ್ಕೆ ಇಡುತ್ತಾರೆ. ಹಾಗಾಗಿ ಚಳಿಗಾಲದಲ್ಲಿ ಅಂತರ ಹತ್ತೂವರೆ ಗಂಟೆಯಾಗುತ್ತದೆ. ಮಗಳಿಗೆ ಬಿಡುವಾಗುವುದು ಮಕ್ಕಳು ಮಲಗಿದ ಮೇಲೆ, ರಾತ್ರಿ ಒಂಬತ್ತಕ್ಕೆ. ಆಗ ನಮಗೆ ಬೆಳಿಗ್ಗೆ ಆರೂವರೆ ಅಥವಾ ಏಳೂವರೆ. ಆ ಹೊತ್ತಿನಲ್ಲಿ ದೊಡ್ಡಮ್ಮ ಅಂಗಳ ಗುಡಿಸಿ ರಂಗೋಲಿ ಹಾಕಿ, ನಲ್ಲಿ ನೀರು ಹಿಡಿದು, ಕಾಫಿಗೆ ಇಟ್ಟಿರುತ್ತಾರೆ. ಬೇಸರ ಎಂಬುದೇ ಇರುವುದಿಲ್ಲ. "ಹೇಗಿದ್ದೀಯಮ್ಮ?" ಎಂದು ಮಗಳು ಕೇಳಿದರೆ "ಚೆನ್ನಾಗಿದ್ದೀನಿ ಕಣೇ" ಎನ್ನುತ್ತಾರೆ, ಅದು ಆ ಹೊತ್ತಿಗೆ ಸತ್ಯ. ಬೇಸರವಾಗುವುದು ಸಂಜೆ ಆರಕ್ಕೆ. ಆಗ ಅಲ್ಲಿ ಬೆಳಿಗ್ಗೆ ಎಂಟೂವರೆ, ಚಳಿಗಾಲದಲ್ಲಿ ಏಳೂವರೆ. ಮಗಳು ಒಂದು ಕೈಯಲ್ಲಿ ಮಕ್ಕಳ ಊಟದ ಡಬ್ಬಿ, ಇನ್ನೊಂದರಲ್ಲಿ ಕಾರಿನ ಕೀ ಹಿಡಿದು ಓಡುವ ಹೊತ್ತು. ಅಮ್ಮನ ಕೆಟ್ಟ ಗಳಿಗೆಯನ್ನು ಮಗಳು ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಕೇಳಿಸಿಕೊಂಡಿರಲಿಲ್ಲ. ಇದಕ್ಕೆ ಭೂಮಿ ದುಂಡಗಿರುವುದು ಕಾರಣವೇ ಹೊರತು ಯಾರ ಅಸಡ್ಡೆಯೂ ಅಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ದೊಡ್ಡಮ್ಮನ ಬೇಸರಕ್ಕೆ ಒಂದು ಹೊತ್ತಿತ್ತು, ಉಳಿದ ಹೊತ್ತಿನಲ್ಲಿ ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಎರಡು ವಾರ ಕಳೆದರೂ ಬೆಳಗಿನಿಂದ ರಾತ್ರಿವರೆಗೆ ಮಂಕು ಬಿಡದಿದ್ದರೆ, ಊಟ ನಿದ್ದೆ ಕೆಟ್ಟರೆ, ಇಷ್ಟವಾಗುತ್ತಿದ್ದ ಯಾವುದೂ ಬೇಡವಾದರೆ, "ಇದ್ದೇನು ಪ್ರಯೋಜನ" ಎಂಬ ಮಾತು ಬಂದರೆ, ಅದು ಖಿನ್ನತೆ ಇರಬಹುದು. ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಎಂದು ಸುಮ್ಮನಾಗಬಾರದು, ಅದಕ್ಕೆ ಚಿಕಿತ್ಸೆ ಇದೆ. ಆಗ ಕಾಗದ ಬರೆಯುತ್ತಾ ಕೂರದೆ ವೈದ್ಯರನ್ನು ಕಾಣಬೇಕು. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಹಿರಿಯರಿಗೆಂದೇ 14567 ಎಂಬ ಸಹಾಯವಾಣಿಯೂ ಇದೆ.

ಈಗ ದೊಡ್ಡಮ್ಮ ಕೊನೆಗೆ ಬರೆದ ಕಾಗದ. ಅಲ್ಪಸ್ವಲ್ಪ ಬಿಟ್ಟು ಉಳಿದದ್ದನ್ನು ಇದ್ದ ಹಾಗೇ ಓದುತ್ತೇನೆ.

"ಚಿ. ಸೌ. ಅಮ್ಮಣ್ಣಿಗೆ ಅಮ್ಮ ಮಾಡುವ ಆಶೀರ್ವಾದಗಳು.

ಮೊದಲು ಆರೋಗ್ಯದ ವಿಷಯ ಹೇಳಿ ಮುಗಿಸುತ್ತೇನೆ, ಇಲ್ಲದಿದ್ದರೆ ನೀನು ಕಾಗದದ ತುಂಬ ಅದನ್ನೇ ಹುಡುಕುತ್ತೀಯ. ಬಿಪಿ ಮಾತ್ರೆ ತಪ್ಪಿಸಿಲ್ಲ. ಮಂಡಿ ನೋವು ಇದ್ದ ಹಾಗೇ ಇದೆ, ಮೆಟ್ಟಿಲು ಹತ್ತುವಾಗ ಜಾಸ್ತಿ. ಪೊರೆ ತೆಗೆಸಿದ ಮೇಲೆ ಪೇಪರು ಓದುವುದಕ್ಕೆ ಆಗುತ್ತಿದೆ. ಇಷ್ಟೇ. ಮುಚ್ಚಿಟ್ಟಿದ್ದು ಏನೂ ಇಲ್ಲ.

ನಿನಗೆ ಒಂದು ವಿಷಯ ತಿಳಿಸಬೇಕು ಅಂತ ಬರೆಯುತ್ತಿದ್ದೇನೆ. ಫೋನಿನಲ್ಲಾದರೆ ನಾನು ಅರ್ಧ ಹೇಳುವುದರೊಳಗೆ ನೀನು ಗಾಬರಿಯಾಗುತ್ತೀಯ, ಆಮೇಲೆ ನಿನ್ನನ್ನು ಸಮಾಧಾನ ಮಾಡುವುದೇ ನನ್ನ ಕೆಲಸವಾಗುತ್ತದೆ. ವಿಷಯ ಏನೆಂದರೆ, ಸಂಜೆ ಹೊತ್ತು ನನಗೆ ಒಬ್ಬಳೇ ಅನ್ನಿಸುತ್ತದೆ. ಇಡೀ ದಿನ ಅಲ್ಲ. ಐದೂವರೆಯಿಂದ ಏಳೂವರೆವರೆಗೆ. ದೀಪ ಹಚ್ಚಿ ಹಜಾರದಲ್ಲಿ ಕೂತರೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಟಿವಿ ಹಾಕಿದರೂ ಮನಸ್ಸು ಅದರಲ್ಲಿ ಇರುವುದಿಲ್ಲ. ಊಟಕ್ಕೆ ಕೂರುವ ಹೊತ್ತಿಗೆ ಸರಿಹೋಗುತ್ತದೆ.

ಯಾಕೆ ಹೀಗೆ ಅಂತ ಕೂತು ಯೋಚನೆ ಮಾಡಿದೆ. ನೀನು ಹೋದದ್ದಕ್ಕೆ ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕ ಹಾಕಿ ನೋಡಿದರೆ ನೀನು ಹೋದ ಮೇಲೂ ನನ್ನ ಸಂಜೆಗಳು ಎಷ್ಟೋ ವರ್ಷ ಚೆನ್ನಾಗಿದ್ದವು. ಹಸು ಇದ್ದಾಗ ಆ ಹೊತ್ತಿಗೆ ಹಾಲು ಕರೆದು ಡೈರಿಗೆ ಹೋಗುತ್ತಿದ್ದೆ, ಜನ ಸಿಗುತ್ತಿದ್ದರು. ಆ ಹೊತ್ತು ಈಗ ಖಾಲಿಯಾಗಿದೆ. ಹಸು ಕೊಟ್ಟಿದ್ದು ಸರಿಯಾಗಿಯೇ ಇತ್ತು. ನೀನು ಹೇಳುವುದಕ್ಕೆ ಮುಂಚೆಯೇ ನನ್ನ ಮನಸ್ಸಿನಲ್ಲಿತ್ತು, ಮಂಡಿ ಕೇಳುತ್ತಿರಲಿಲ್ಲ. ಕೊಟ್ಟವಳು ನಾನು, ದುಡ್ಡು ಎಣಿಸಿಕೊಂಡವಳೂ ನಾನು. ಡೈರಿ ತಪ್ಪಿಹೋಗುತ್ತದೆ ಅಂತ ಆಗ ನನಗೂ ಹೊಳೆಯಲಿಲ್ಲ, ನಿನಗೆ ಹೇಗೆ ಹೊಳೆಯಬೇಕು?

ಮಾಲೂರಿನ ನಿನ್ನ ಸೋದರತ್ತೆ ಬಂದಿದ್ದರು. ಅವರ ಮಗ ಸೊಸೆ ಅವರ ಜೊತೆಯಲ್ಲೇ ಇದ್ದಾರೆ. ಮಗ ಬೆಳಿಗ್ಗೆ ಕತ್ತಲಿದ್ದಾಗಲೇ ಬೆಂಗಳೂರಿನ ರೈಲು ಹತ್ತುತ್ತಾನೆ, ಸೊಸೆಯನ್ನು ನರಸಾಪುರದ ಕಂಪನಿ ಬಸ್ಸು ಕರೆದುಕೊಂಡು ಹೋಗುತ್ತದೆ. ಇಬ್ಬರೂ ಬರುವುದು ರಾತ್ರಿ. ಅತ್ತಿಗೆಯದೂ ನನ್ನದೇ ಸಂಜೆ. ಆದ್ದರಿಂದ ನೀನು ಊರಲ್ಲೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ನೀನು ಅಂದುಕೊಳ್ಳಬೇಡ, ನಾನೂ ಅಂದುಕೊಳ್ಳುವುದಿಲ್ಲ.

ನಿನ್ನ ನೆನಪಾದಾಗ ಆಗುವ ಸಂಕಟ ಬೇರೆ. ಅದು ಇಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ. ನಿನ್ನ ಹಳೆಯ ಸ್ಕೂಲ್ ಬ್ಯಾಗು ಅಟ್ಟದ ಮೇಲೆ ಸಿಕ್ಕಿದಾಗ ಆಯಿತು. ಅದಕ್ಕೆ ಔಷಧಿ ಇಲ್ಲ, ನನಗೆ ಬೇಕೂ ಇಲ್ಲ. ಮದುವೆಯಾಗಿ ಕೋಲಾರಕ್ಕೆ ಹೋಗಿದ್ದರೂ ಸ್ವಲ್ಪ ಇರುತ್ತಿತ್ತು. ನೀನು ಓದಬೇಕು, ಹೋಗಬೇಕು ಅಂತ ನಾನೂ ಒಪ್ಪಿದ್ದೆ. ನಿನ್ನ ಪಾಸ್‌ಪೋರ್ಟಿನ ವಿಚಾರಣೆಗೆ ಪೊಲೀಸಿನವರು ಬಂದಾಗ ಖುಷಿಯಿಂದ ಕಾಫಿ ಮಾಡಿಕೊಟ್ಟವಳು ನಾನೇ. ಈಗಲೂ ಅದೇ ಮನಸ್ಸು ಇದೆ.

ಸಂಜೆಗೆ ನಾನು ಮಾಡಿಕೊಂಡಿರುವ ಏರ್ಪಾಟು ಹೇಳುತ್ತೇನೆ. ಪಕ್ಕದ ಮನೆಯವಳು ಹಾಲು ಹಾಕುವುದಕ್ಕೆ ಹೋಗುವಾಗ ನಾನೂ ಕೋಲು ಹಿಡಿದು ಅವಳ ಜೊತೆ ಹೋಗುತ್ತೇನೆ. ಅರ್ಧ ಲೀಟರು ಹಾಲು ಅಲ್ಲೇ ಕೊಂಡುಕೊಳ್ಳುತ್ತೇನೆ, ಸುಮ್ಮನೆ ಹೋದರೆ ನನಗೇ ಸಂಕೋಚ. ಕಟ್ಟೆಯ ಮೇಲೆ ಕೂತು ಎಲ್ಲರ ಸಮಾಚಾರ ಕೇಳಿಕೊಂಡು ಬರುತ್ತೇನೆ. ಮಳೆ ಬಂದ ದಿನ, ಮಂಡಿ ಊದಿದ ದಿನ ಆಗುವುದಿಲ್ಲ.

ನಿನ್ನಿಂದ ಎರಡು ಬೇಕು. ಆದರೆ ಮಾಡು, ಆಗದಿದ್ದರೆ ಆಗಲ್ಲ ಅಂತ ಬರೆದುಬಿಡು. ಆಗಲ್ಲ ಅಂದರೆ ಪ್ರೀತಿ ಕಮ್ಮಿ ಅಂತ ನಾನು ಅರ್ಥ ಮಾಡಿಕೊಳ್ಳುವುದಿಲ್ಲ. ಒಂದು, ನೀನು ರಾತ್ರಿ ಮಲಗುವ ಮುಂಚೆ ನಿನ್ನ ದಿನದ ಯಾವುದಾದರೂ ಒಂದು ವಿಷಯ ವಾಟ್ಸಾಪಿನಲ್ಲಿ ಮಾತಾಡಿ ಕಳಿಸು. ನಾನು ಅದನ್ನು ಬೆಳಿಗ್ಗೆ ಕೇಳದೆ ಸಂಜೆಗೆ ಅಂತ ಇಟ್ಟುಕೊಳ್ಳುತ್ತೇನೆ. ದಿನಾ ಬೇಡ, ನಿನಗೆ ಹೇಳುವುದು ಇದ್ದ ದಿನ ಸಾಕು. ಎರಡು, ಫೋನ್ ಮಾಡಿದಾಗ ಮಾತ್ರೆ, ಬಿಪಿ, ಊಟ ಅಂತ ಅಷ್ಟನ್ನೇ ಕೇಳಬೇಡ. ಆ ಮೂರೂ ಸರಿ ಇದ್ದರೆ ನಮ್ಮ ಮಾತು ಅಲ್ಲಿಗೇ ಮುಗಿದುಹೋಗುತ್ತದೆ. ನಿನ್ನ ಆಫೀಸಿನಲ್ಲಿ ಯಾರು ಜಗಳವಾಡಿದರು ಹೇಳು. ಸಾರು ಕೆಟ್ಟರೆ ಯಾಕೆ ಕೆಟ್ಟಿತು ಅಂತ ಕೇಳು. ನನ್ನಿಂದ ನಿನಗೆ ಏನಾದರೂ ಬೇಕಾಗಲಿ.

ಊರಿಗೆ ಬಾ ಅಂತ ಈ ಕಾಗದದಲ್ಲಿ ಬರೆಯುತ್ತಿಲ್ಲ. ನೀವೆಲ್ಲ ಬಂದರೆ ಸಂತೋಷ, ಆ ವಿಷಯ ಬೇರೆ, ಅದನ್ನು ಬೇರೆ ದಿನ ಮಾತಾಡೋಣ. ಇದಕ್ಕೂ ಅದಕ್ಕೂ ಗಂಟು ಹಾಕಬೇಡ.

ತೋಟ ಈ ಸಲವೂ ಹೂವಿನಲ್ಲೇ ಗುತ್ತಿಗೆ ಕೊಟ್ಟೆ. ತೋತಾಪುರಿ ಕಾಯಿ ನಿಂತಿದೆ, ಬಾದಾಮಿ ಕಮ್ಮಿ. ಮಕ್ಕಳಿಗೆ ಅಜ್ಜಿಯ ಮುತ್ತು. ಅಳಿಯಂದಿರಿಗೆ ಆಶೀರ್ವಾದ."

ಕಾಗದ ಇಷ್ಟು. ಇದರ ಸಾಲುಗಳೆಲ್ಲ ಅವರವೇ. ಎರಡು ಬಾದಾಮಿ ಮರದ ಹಣ್ಣು ಯಾರು ತಿನ್ನಬೇಕು ಎಂಬ ಸಾಲನ್ನು ಅವರೇ ಹೊಡೆದುಹಾಕಿದರು. ಹಣ್ಣು ಕಾಗದದಲ್ಲಿ ಉಳಿಯಿತು, ಅದರ ಹಿಂದಿದ್ದ ಚುಚ್ಚು ಹೋಯಿತು. ಹೊಡೆಯಲು ಅವರು ಕೊನೆಯವರೆಗೆ ಒಪ್ಪದಿದ್ದ ಸಾಲೂ ಒಂದಿತ್ತು. "ಅದು ಇಲ್ಲ ಅಂತ ಬರೆದರೆ ನೀನು ನಂಬುವುದಿಲ್ಲ" ಎನ್ನುವ ಸಾಲು. ಅದನ್ನು ತೆಗೆದರೆ ಮಗಳಿಗೆ ಹಗುರವಾಗಬಹುದಲ್ಲವೇ ಎಂದು ನಾನು ಕೇಳಿದೆ. "ಹಗುರ ಆಗಲ್ಲಮ್ಮ, ಅಮ್ಮ ಮುಚ್ಚಿಡ್ತಾಳೆ ಅಂತ ಆಗುತ್ತೆ," ಎಂದರು. ಅವರು ಹೇಳಿದ್ದೇ ಸರಿ. ನೋವನ್ನು ಅಳಿಸಿ ಬರೆದ ಕಾಗದ ನಯವಾಗಿರಬಹುದು, ಆದರೆ ಓದುವವಳು ಸಾಲುಗಳ ಮಧ್ಯೆ ಹುಡುಕಲು ಶುರು ಮಾಡುತ್ತಾಳೆ. ಅವಳೇ ಊಹಿಸಿಕೊಳ್ಳುವ ನೋವು ನಿಜವಾದ ನೋವಿಗಿಂತ ದೊಡ್ಡದಾಗಿರುತ್ತದೆ.

ನನಗೆ ಬಹಳ ಮುಖ್ಯವೆನಿಸುವುದು ಆ ಎರಡನೆಯ ಕೋರಿಕೆ. ವೈಸ್ ಅವರೇ ಆಮೇಲೆ ಬರೆದ ಇನ್ನೊಂದು ಲೇಖನದಲ್ಲಿ, ಮನುಷ್ಯನಿಗೆ ಸಂಬಂಧಗಳಿಂದ ಸಿಗಬೇಕಾದವುಗಳ ಪೈಕಿ ಇನ್ನೊಬ್ಬರನ್ನು ನೋಡಿಕೊಳ್ಳುವ ಅವಕಾಶವೂ ಒಂದು ಎಂದು ಹೇಳುತ್ತಾರೆ. ನೋಡಿಕೊಳ್ಳುವವರು ಇದ್ದರಷ್ಟೇ ಸಾಲದು, ನಾವು ನೋಡಿಕೊಳ್ಳಬೇಕಾದವರೂ ಇರಬೇಕು. ಹೊರದೇಶದ ಮಕ್ಕಳು ಅಪ್ಪ ಅಮ್ಮನ ಮೇಲಿನ ಅಕ್ಕರೆಯಿಂದಲೇ ತಮ್ಮ ಕಷ್ಟಗಳನ್ನೆಲ್ಲ ಅವರಿಂದ ಮರೆಮಾಡುತ್ತಾರೆ. ಫೋನು ಬಂದಾಗಲೆಲ್ಲ ಬಿಪಿ ಕೇಳಿ, ಔಷಧಿ ತರಿಸಿಕೊಟ್ಟು, ಆನ್‌ಲೈನಿನಲ್ಲಿ ಕರೆಂಟು ಬಿಲ್ಲು ಕಟ್ಟಿ ಮುಗಿಸುತ್ತಾರೆ. ಹೀಗೆ ತಾಯಿ ಬರೀ ಉಪಚಾರ ಪಡೆಯುವವಳಾಗಿ ಉಳಿಯುತ್ತಾಳೆ. ಹಿತ್ತಲಿನಲ್ಲಿ ಹಸು ಕೂಗುವುದು ನಿಂತ ಮನೆಯಲ್ಲಿ ಮಗಳೂ ಏನನ್ನೂ ಕೇಳದಿದ್ದರೆ, ಆ ಮನೆಯಾಕೆಯ ಕೈಗಳಿಗೆ ಕೆಲಸವೇ ಇರುವುದಿಲ್ಲ.

ಅಮೇರಿಕದ ಸರ್ಜನ್ ಜನರಲ್ ಆಗಿದ್ದ ವಿವೇಕ್ ಮೂರ್ತಿಯವರ ಮನೆತನದ ಊರು ನಮ್ಮ ಮಂಡ್ಯ ಜಿಲ್ಲೆಯ ಹಲ್ಲೇಗೆರೆ. 2023ರಲ್ಲಿ ಅವರು ಒಂಟಿತನವನ್ನು ಜನರ ಆರೋಗ್ಯದ ಪ್ರಶ್ನೆಯೆಂದು ಹೇಳಿ ತಮ್ಮ ದೇಶಕ್ಕೆ ಎಚ್ಚರಿಕೆ ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಆಯೋಗ 2025ರ ವರದಿಯಲ್ಲಿ, ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರಿಗೆ ಒಂಟಿತನವಿದೆ ಎಂದಿತು. ಆ ವರದಿಯಲ್ಲಿ ಇನ್ನೊಂದು ವಿಷಯವೂ ಇದೆ, ನಮ್ಮ ಕಡೆ ಯಾರೂ ನಿರೀಕ್ಷಿಸದೇ ಇರುವಂಥದು. ಒಂಟಿತನ ವಯಸ್ಸಾದವರಿಗೆ ಮಾತ್ರವಲ್ಲ, ಹದಿಹರೆಯದವರಲ್ಲಿ ಮತ್ತು ಯುವಜನರಲ್ಲಿ ಬಹಳ ಹೆಚ್ಚಾಗಿದೆ ಎಂಬುದು. ಅಂದರೆ ಕಾಗದ ಬರೆಯುವವರಿಗೆ ಇರುವ ಕಷ್ಟ ಓದುವವರಿಗೂ ಇರಬಹುದು.

ನ್ಯೂಜೆರ್ಸಿಯಿಂದ ಬಂದ ಉತ್ತರದಲ್ಲಿ ಇದೇ ಇತ್ತು. ಮಗಳು ಕ್ಷಮೆ ಕೇಳಿ ಬರೆದಿರಲಿಲ್ಲ. ಅಮ್ಮನ ಕಾಗದ ಕ್ಷಮೆಗೆ ಎಡೆ ಕೊಟ್ಟಿರಲಿಲ್ಲ. ತನಗೂ ಹೀಗೆಯೇ ಆಗುತ್ತದೆ ಎಂದು ಬರೆದಿದ್ದಳು. ಅಲ್ಲಿ ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆಫೀಸಿನಿಂದ ಕತ್ತಲಲ್ಲಿ ಹೊರಟು, ಕತ್ತಲಲ್ಲೇ ಮನೆಗೆ ಬಂದು ಬಾಗಿಲು ಹಾಕಿಕೊಂಡರೆ ಎದುರು ಮನೆಯವರ ಮುಖ ಕಾಣುವುದು ವಸಂತ ಬಂದ ಮೇಲೆ. ಇಷ್ಟು ವರ್ಷ ಇದನ್ನು ಅಮ್ಮನಿಗೆ ಹೇಳಿರಲಿಲ್ಲ. ನಾನೇ ಆರಿಸಿಕೊಂಡು ಬಂದವಳು, ಯಾವ ಬಾಯಿಂದ ಹೇಳಲಿ ಎಂದುಕೊಂಡಿದ್ದಳಂತೆ. ತಾಯಿಗೆ ನೋವು ಕೊಟ್ಟೆ ಎಂಬ ಅಳುಕಿರುವ ಮಗಳು ತಾಯಿಯ ಹತ್ತಿರ ತನ್ನ ನೋವು ಹೇಳಿಕೊಳ್ಳುವುದಿಲ್ಲ. ದೊಡ್ಡಮ್ಮ ಆ ಅಳುಕನ್ನು ಒಂದು ಕಾಗದದಷ್ಟು ತೆಗೆದಿಟ್ಟಿದ್ದರು, ಅಷ್ಟಕ್ಕೇ ಅವಳು ಬಾಯಿಬಿಟ್ಟಳು.

ಮೊದಲ ಕೋರಿಕೆ ಅರ್ಧ ನಡೆದಿದೆ. ಮಗಳು ಕೆಲವು ರಾತ್ರಿ ಮಾತಾಡಿ ಕಳಿಸುತ್ತಾಳೆ, ಕೆಲವು ರಾತ್ರಿ ನಿದ್ದೆ ಹೋಗಿರುತ್ತಾಳೆ. ದೊಡ್ಡಮ್ಮ ಸಂಜೆವರೆಗೆ ಕಾದು ಕೇಳುತ್ತೇನೆ ಎಂದಿದ್ದರು, ಅದಂತೂ ಸಾಧ್ಯವಾಗಿಲ್ಲ. ಬೆಳಿಗ್ಗೆಯೇ ಕೇಳಿ, ಸಂಜೆ ಇನ್ನೊಮ್ಮೆ ಕೇಳುತ್ತಾರೆ. ಮಳೆಗಾಲದಲ್ಲಿ ಡೈರಿಗೆ ಹೋಗುವುದು ತಪ್ಪುತ್ತದೆ, ಅಂಥ ಸಂಜೆಗಳು ಈಗಲೂ ಕಷ್ಟವೇ. ಎರಡನೆಯದು ಚೆನ್ನಾಗಿ ನಡೆಯುತ್ತಿದೆ. ಮೊನ್ನೆ ನಾನು ಹೋದಾಗ ದೊಡ್ಡಮ್ಮ ಫೋನನ್ನು ಬಾಯಿಯ ಹತ್ತಿರ ಹಿಡಿದು, ಅಲ್ಲಿ ದಂಟಿನ ಸೊಪ್ಪು ಸಿಗದಿದ್ದರೆ ಪಾಲಕ್ ಹಾಕಿ ಬಸ್ಸಾರು ಮಾಡಬಹುದೇ ಎಂಬ ಪ್ರಶ್ನೆಗೆ ಉತ್ತರ ಹೇಳುತ್ತಿದ್ದರು. ಮಾಡಬಹುದು, ಆದರೆ ಪಾಲಕ್ ಬೇಗ ಬೇಯುತ್ತದೆ, ಕಾಳು ಪೂರ್ತಿ ಬೆಂದ ಮೇಲೆ ಹಾಕಬೇಕು, ಬಸಿದ ಕಟ್ಟನ್ನು ಚೆಲ್ಲಬಾರದು.